ಕೆಂಪು ಇಂಕಿನಲ್ಲಿ ಕಳೆದ ಎರಡು ಡಿಗ್ರಿ

ನನ್ನ ಕೈಬರಹ ಚೆನ್ನಾಗಿತ್ತು. ಎಲ್ಲಾ ಶುರುವಾಗಿದ್ದು ಅಲ್ಲಿಂದಲೇ ಅಂತ ಈಗ ಅನ್ನಿಸುತ್ತೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆದು ಪಳಗಿದ ಕೈ ಅದು. ಅಂಕಿ ಬರೆದರೂ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಐ ವಾಸ್ ವೆರಿ ಪ್ರೌಡ್ ಆಫ್ ಇಟ್, ಸುಳ್ಳು ಯಾಕೆ ಹೇಳಲಿ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಆರ್.ಟಿ. ನಗರದ ಅಂಚಿನ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಬಾಟನಿ ಕಲಿಸಲು ಸೇರಿದೆ. ಅಂಚು ಅಂದರೆ ಆಗ ನಿಜವಾಗಲೂ ಅಂಚೇ. ಕಾಂಪೌಂಡಿನ ಒಂದು ಪಕ್ಕ ಸೀಬೆ ತೋಟ, ಇನ್ನೊಂದು ಪಕ್ಕ ಸಣ್ಣ ಕೆರೆ, ಕೆರೆಯ ಆಚೆ ರಾಗಿ ಹೊಲ. ಜೂನ್ ತಿಂಗಳಲ್ಲಿ ಸಂಜೆ ನಾಲ್ಕಕ್ಕೇ ಕಪ್ಪೆಗಳು ಶುರು ಮಾಡಿದರೆ ಕೊನೇ ಪೀರಿಯಡ್ಡಿನಲ್ಲಿ ನನ್ನ ಧ್ವನಿ ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಹುಡುಗಿಯರಿಗೆ ಅದೇ ಬೇಕಾಗಿತ್ತು.

ಕಾಲೇಜಿನ ಹಿಂದೆ ಹುಲ್ಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ ಇತ್ತು. ನಾಲ್ಕು ಕಾಲು, ಎದೆಯೆತ್ತರ, ಗಾಳಿಯಾಡಲು ಸುತ್ತ ಓರೆ ಪಟ್ಟಿಗಳು. ಒಳಗೆ ಎರಡು ಥರ್ಮಾಮೀಟರು. ಒಂದು ಹಗಲಿನ ಅತಿ ಹೆಚ್ಚಿನ ಶಾಖವನ್ನು ಹಿಡಿದಿಡುತ್ತಿತ್ತು, ಇನ್ನೊಂದು ರಾತ್ರಿಯ ಅತಿ ಕಡಿಮೆಯದನ್ನು. ಆ ಎರಡನೆಯದರ ಸ್ಪಿರಿಟ್ಟಿನೊಳಗೆ ಗುಂಡುಸೂಜಿಯಷ್ಟು ಸಣ್ಣ ಕಪ್ಪು ಕಡ್ಡಿ. ಚಳಿಗೆ ಸ್ಪಿರಿಟ್ ಕುಗ್ಗಿದಾಗ ಕಡ್ಡಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತೆ, ಬೆಳಗಾಗಿ ಹಿಗ್ಗಿದಾಗ ಅಲ್ಲೇ ಬಿಟ್ಟು ಬರುತ್ತೆ. ನಾವು ಮಲಗಿದ್ದಾಗ ರಾತ್ರಿ ಎಷ್ಟು ತಣ್ಣಗಾಗಿತ್ತು ಅಂತ ಆ ಕಡ್ಡಿ ಬೆಳಗ್ಗೆ ಹೇಳೋದು. ಪ್ರಿನ್ಸಿಪಾಲ್ ಸಿಸ್ಟರ್ ನನ್ನ ಕೈಬರಹ ನೋಡಿ ಪೆಟ್ಟಿಗೆಯನ್ನೂ ಅದರ ರಿಜಿಸ್ಟರನ್ನೂ ನನಗೆ ಒಪ್ಪಿಸಿದರು.

"ರಿಜಿಸ್ಟರು ಅಂದ್ರೆ ಒಳಲಂಗದ ಹಾಗೆ, ಮಗು," ಅಂದರು. "ಯಾರೂ ನೋಡಲ್ಲ. ಆದ್ರೂ ಕ್ಲೀನಾಗಿರಬೇಕು."

ಅದೇ ವರ್ಷ ಅದೇ ಅಂಗಡಿಯಿಂದ ತಂದ ಇನ್ನೊಂದು ಜೋಡಿ ಥರ್ಮಾಮೀಟರನ್ನು ನಾನು ಯಲಹಂಕದ ಹತ್ತಿರದ ಅಟ್ಟೂರಿನ ಒಂದು ಮನೆಯ ಹಿತ್ತಲಲ್ಲಿ ಇಂಥದೇ ಪೆಟ್ಟಿಗೆ ಮಾಡಿಸಿ ಇಟ್ಟೆ. ಊರು ಮತ್ತು ಹಳ್ಳಿ, ಎರಡನ್ನೂ ಹೋಲಿಸಿ ಹುಡುಗಿಯರು ಪ್ರಾಜೆಕ್ಟ್ ಬರೆಯಲಿ ಅಂತ. ಆ ಮನೆಯೇ ಯಾಕೆ ಅಂದರೆ ಅದರ ಮಾಳಿಗೆ. ಮರದ ತೊಲೆ, ಅದರ ಮೇಲೆ ಗಳ, ಸೊಪ್ಪು, ಮೇಲೆ ಒಂದು ಮೊಳದಷ್ಟು ದಮ್ಮಸ್ಸು ಮಾಡಿದ ಮಣ್ಣು. ಮಳೆ ಬಿದ್ದ ಹದಿನೈದು ದಿನಕ್ಕೆ ಮನೆಯ ತಲೆಯ ಮೇಲೆಲ್ಲಾ ಹಸಿರು. ಪ್ರತಿವರ್ಷ ಆಗಸ್ಟಿನಲ್ಲಿ ಹುಡುಗಿಯರನ್ನು ಏಣಿ ಹತ್ತಿಸಿ ಲೆಕ್ಕ ಹಾಕಿಸುತ್ತಿದ್ದೆ. ಗರಿಕೆ, ತುಂಬೆ, ನೆಲನೆಲ್ಲಿ, ಉತ್ತರಾಣಿ, ಹೆಸರು ಗೊತ್ತಿಲ್ಲದ ನಾಲ್ಕಾರು ಪುಟ್ಟ ಹುಲ್ಲು. ತುಂಬೆ ಹೂವಿಗೆ ಜೇನು, ಹುಲ್ಲಿನ ಬುಡದಲ್ಲಿ ಹಾವುರಾಣಿ, ತೊಲೆ ಸಂದಿಯಲ್ಲಿ ಗುಬ್ಬಚ್ಚಿ. ರಾಟವಾಳ ಹಕ್ಕಿಗಳು ಬಂದು ಗೂಡಿಗೆ ಅಂತ ತೆನೆಸಮೇತ ಹುಲ್ಲು ಕಿತ್ತುಕೊಂಡು ಹೋಗುವುದನ್ನು ನೋಡಿ ಒಬ್ಬ ಹುಡುಗಿ, "ಮೇಡಂ, ನಮ್ಮ ಸ್ಯಾಂಪಲ್ ಕದೀತಿದಾವೆ," ಅಂತ ಚೀರಿದ್ದಳು. ಈಗ ಫೈವ್ ಸ್ಟಾರ್ ಹೋಟೆಲುಗಳು ಗ್ರೀನ್ ರೂಫ್ ಅಂತ ಬೋರ್ಡ್ ಹಾಕಿ ಮಾಡುತ್ತವಲ್ಲ, ಅದನ್ನು ಆ ಮನೆಯವರು ಹೆಸರಿಲ್ಲದೆ ತಲೆಮಾರುಗಳಿಂದ ಹೊತ್ತುಕೊಂಡಿದ್ದರು.

ಆ ಮನೆಯ ಸೊಸೆ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ನಾಲ್ಕನೇ ಕ್ಲಾಸು ಓದಿದ್ದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅಟ್ಟೂರಿನ ಪೆಟ್ಟಿಗೆಯನ್ನು ಪ್ರತಿ ಬೆಳಗ್ಗೆ ನೋಡಿ ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡುವವಳು ಅವಳೇ. ತಿಂಗಳು ಮುಗಿದ ಮೇಲೆ ಹಾಳೆ ಹರಿದು, ಯಲಹಂಕದಿಂದ ಬರುತ್ತಿದ್ದ ನನ್ನ ಒಬ್ಬ ವಿದ್ಯಾರ್ಥಿನಿಯ ಕೈಲಿ ಕಳಿಸುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

ಅವಳ ಕೆಲಸ ರೇಷ್ಮೆ ಹುಳು ಸಾಕುವುದು. ಮಣ್ಣಿನ ಮಾಳಿಗೆಯ ಕೆಳಗಿನ ಉದ್ದದ ಕೋಣೆಯೇ ಹುಳುಮನೆ, ಅಲ್ಲಿ ಅವಳದೇ ರಾಜ್ಯ. ಗಂಡ ಬೀಡಿ ಸೇದಿದ್ದರೆ ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲ. ಅತ್ತೆಯೂ ಕೈಕಾಲು ತೊಳೆದೇ ಬರಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತೆ. ಪ್ರತಿ ಸಲ ತಿನ್ನುವುದು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತೆ. ಅದಕ್ಕೆ ಅವರು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ಹಸಿವೋ ಹಸಿವು. ತಟ್ಟೆ ತುಂಬಾ ಹಿಪ್ಪುನೇರಳೆ ಸೊಪ್ಪು ಹಾಕಿ ಕಣ್ಣು ಮುಚ್ಚಿ ನಿಂತರೆ ಜಡಿಮಳೆಯ ಸದ್ದು.

"ಈಗ ಶೆಕೆ ಆದ್ರೆ ಮುಗೀತು ಅಕ್ಕ," ಅನ್ನುತ್ತಿದ್ದಳು. "ದೊಡ್ಡ ಉಳ ಶೆಕೆ ತಡ್ಕೊಳಲ್ಲ."

ಬೇಸಿಗೆಯಲ್ಲಿ ಸಂಜೆ ಮಾಳಿಗೆ ಹತ್ತಿ ಒಣಗಿದ ಹುಲ್ಲಿನ ಮೇಲೆ ನಾಲ್ಕು ಕೊಡ ನೀರು ಚಿಮುಕಿಸುವಳು. ಅಷ್ಟು ದಪ್ಪ ಮಣ್ಣು ದಾಟಿ ಬಿಸಿಲು ಕೆಳಗಿಳಿಯುವುದರೊಳಗೆ ಹೊತ್ತು ಮುಳುಗಿರುತ್ತಿತ್ತು. ಹುಲ್ಲಿನ ನೆರಳು ಮೊದಲು ತಡೆಯುತ್ತಿತ್ತು, ನೀರು ಆರುತ್ತಾ ಉಳಿದದ್ದನ್ನು ಕೊಂಡೊಯ್ಯುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಆ ಕೋಣೆಯೊಳಗೆ ಕಾಲಿಟ್ಟರೆ ನನಗೆ ನಮ್ಮ ಕಾನ್ವೆಂಟಿನ ಚಾಪೆಲ್ ನೆನಪಾಗುತ್ತಿತ್ತು.

ಮೊದಲ ಕೆಲವು ವರ್ಷ ಕಾಲೇಜಿನ ಅಂಕಿ, ಅಟ್ಟೂರಿನ ಅಂಕಿ ಹೆಚ್ಚುಕಡಿಮೆ ಒಂದೇ ಇದ್ದವು. ಆಮೇಲೆ ಸೀಬೆ ತೋಟ ಸೈಟುಗಳಾಯಿತು. ಕೆರೆಗೆ ಲಾರಿಗಟ್ಟಲೆ ಮಣ್ಣು ಬಿತ್ತು, ಅದರ ಮೇಲೂ ಸೈಟಿನ ಕಲ್ಲು ನೆಟ್ಟರು. ಸುತ್ತ ಆರ್‌ಸಿಸಿ ಮನೆಗಳು ಎದ್ದವು, ರಸ್ತೆಗೆ ಡಾಂಬರು ಬಂತು. ಕಪ್ಪೆಗಳು ಯಾವ ವರ್ಷ ನಿಂತವು ಅಂತ ನಾನು ಬರೆದಿಟ್ಟಿಲ್ಲ, ಅದಕ್ಕೆ ಕಾಲಂ ಇರಲಿಲ್ಲ. ಕೊನೇ ಪೀರಿಯಡ್ಡಿನಲ್ಲಿ ನನ್ನ ಧ್ವನಿ ಚೆನ್ನಾಗಿ ಕೇಳಿಸತೊಡಗಿದ್ದು ಮಾತ್ರ ನೆನಪಿದೆ.

ಆ ಹೊತ್ತಿಗೇ ಕಾಲೇಜಿನ ರಾತ್ರಿಯ ಅಂಕಿ ಅಟ್ಟೂರಿಗಿಂತ ಅರ್ಧ ಡಿಗ್ರಿ ಮೇಲೆ ಬರಲು ಶುರುವಾಯಿತು. ಮಾರನೇ ವರ್ಷ ಒಂದು ಡಿಗ್ರಿ. ವಿಚಿತ್ರ ಅಂದರೆ ಹಗಲಿನ ಅಂಕಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ನಾನು ಲಾಜಿಕ್ ಓದಿದವಳು ನೋಡಿ, ತೀರ್ಮಾನ ಮಾಡಿಬಿಟ್ಟೆ. ನಿಜವಾಗಿ ಸೆಕೆ ಹೆಚ್ಚಾಗಿದ್ದರೆ ಹಗಲೂ ಹೆಚ್ಚಾಗಬೇಕಿತ್ತು. ಹಗಲಿನ ಥರ್ಮಾಮೀಟರು ಸರಿಯಾಗಿದೆ, ಆದ್ದರಿಂದ ಕೆಟ್ಟಿರುವುದು ರಾತ್ರಿಯದು. ಹಳೇ ಗಾಜು, ಎಲ್ಲೋ ಕುಗ್ಗಿರಬೇಕು. ರಿಜಿಸ್ಟರಿನಲ್ಲಿ ಹೊಸದೊಂದು ಕಾಲಂ ಗೆರೆ ಎಳೆದು 'ಕರೆಕ್ಷನ್' ಅಂತ ಬರೆದೆ. ಪ್ರತಿ ಬೆಳಗಿನ ಅಂಕಿಯಿಂದ ಕೆಂಪು ಇಂಕಿನಲ್ಲಿ ಅರ್ಧ ಕಳೆದೆ, ಆಮೇಲೆ ಒಂದು, ಆಮೇಲೆ ಒಂದೂವರೆ, ಕೊನೆಗೆ ಎರಡು. ಕಳೆದು ಬಂದ ಅಂಕಿ ಅಟ್ಟೂರಿನ ಅಂಕಿಗೆ ಚೆನ್ನಾಗಿ ಹೊಂದುತ್ತಿತ್ತು. ಹೊಂದುವ ಹಾಗೇ ತಾನೇ ನಾನು ಕಳೆದದ್ದು! ಸಿಸ್ಟರ್ ವರ್ಷಕ್ಕೊಮ್ಮೆ ನೋಡಿ, "ಬ್ಯೂಟಿಫುಲ್," ಅಂತ ಸಹಿ ಹಾಕುತ್ತಿದ್ದರು.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ಆಗಸ್ಟಿನಲ್ಲಿ ಹುಡುಗಿಯರನ್ನು ಕರೆದುಕೊಂಡು ಹೋದಾಗ ಅಟ್ಟೂರಿನ ಮನೆಯ ಜಗಲಿಯಲ್ಲಿ ಗಂಡಹೆಂಡಿರ ಜಗಳ ನಡೆದಿತ್ತು.

"ಬನ್ನಿ ಟೀಚರಮ್ಮ, ನೀವೇ ಏಳಿ," ಅಂದ ಗಂಡ. "ನ್ಯೂ ಟೌನ್ ಆಗ್ತಾ ಐತೆ. ಎಲ್ರೂ ಆರ್‌ಸಿಸಿ ಆಕ್ಸವ್ರೆ. ನಮ್ಮನೆ ತಲೆ ಮ್ಯಾಲೆ ಇನ್ನೂವೆ ಉಲ್ಲು! ಬೀಗರು ಬಂದ್ರೆ, ಎಮ್ಮೆನೂ ಮ್ಯಾಲೇ ಕಟ್ತೀರಾ ಅಂತವ್ರೆ."

"ಕಟ್ಟು, ಅದಾದ್ರೂ ಆಲು ಕೊಡ್ತದೆ. ನಿನ್ ಬೀಗರು ಏನ್ ಕೊಡ್ತಾರೆ?" ಅಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕ, ಮನೆಗೆ ಆರ್‌ಸಿಸಿ ಆಕ್ಸಲಿ, ನಾ ಬ್ಯಾಡ ಅನ್ನಕಿಲ್ಲ. ಉಳದ ಮನೆ ಮಾತ್ರ ಇಂಗೇ ಇರ್ಲಿ ಅಂತೀನಿ. ಒಂದೇ ಸಲಕ್ಕೆ ಆಕ್ಬೇಕು ಅಂತವ್ನೆ ಮೇಸ್ತ್ರಿ."

"ಶೆಕೆ ಆಗ್ತದೆ ಅಂತ ಟೀಚರಮ್ಮ ಏಳಿದ್ರೆ ಬಿಟ್ಬುಡ್ತೀನಿ. ಆಣೆ," ಅಂದ ಗಂಡ. "ಅವ್ರು ಓದ್ದೋರು."

ಅವಳು ಕೇಳಿದಳು, "ನಿಮ್ ಪೆಟ್ಟಿಗೆ ಈಗ ಆರ್‌ಸಿಸಿ ಮನೆಗಳ ಮಧ್ಯದಾಗೇ ಐತಲ್ಲ ಅಕ್ಕ? ಅದೇನ್ ಏಳ್ತದೆ?"

ರಿಜಿಸ್ಟರು ನನ್ನ ಚೀಲದಲ್ಲೇ ಇತ್ತು. ತೆಗೆದು ಇಬ್ಬರಿಗೂ ತೋರಿಸಿದೆ. ಗಂಡ ನನ್ನ ಅಕ್ಷರ ನೋಡಿ ತಲೆದೂಗಿದ. ನಮ್ಮ ಸುತ್ತ ಅಷ್ಟೊಂದು ಆರ್‌ಸಿಸಿ ಬಂದರೂ ರಾತ್ರಿ ನಿಮ್ಮಷ್ಟೇ ತಣ್ಣಗಾಗುತ್ತೆ ಅಂದೆ. ಹಗಲು ಸ್ವಲ್ಪ ಬಿಸಿಯಾದರೂ ರಾತ್ರಿ ಕಿಟಕಿ ತೆಗೆದಿಟ್ಟರೆ ಸಾಕು, ಬೆಳಗಿನ ಹೊತ್ತಿಗೆ ಸರಿಹೋಗುತ್ತೆ ಅಂದೆ. ಅಷ್ಟು ಕಾನ್ಫಿಡೆಂಟಾಗಿ ನಾನು ಕ್ಲಾಸಿನಲ್ಲೂ ಯಾವತ್ತೂ ಮಾತಾಡಿರಲಿಲ್ಲ. ಅವಳು ಕೆಂಪು ಕಾಲಂ ಮೇಲೆ ಬೆರಳಿಟ್ಟು, "ಇದೇನಕ್ಕ?" ಅಂದಳು.

"ಅದು ಕರೆಕ್ಷನ್ನು. ಥರ್ಮಾಮೀಟರು ತಪ್ಪು ತೋರಿಸ್ತಿತ್ತು, ಸರಿ ಮಾಡಿದೀನಿ."

"ಓ," ಅಂದಳು. ಬೆರಳು ತೆಗೆದಳು.

ಡಿಸೆಂಬರಿನಲ್ಲಿ ಮಾಳಿಗೆ ಕೆಡವಿದರು. ತೊಲೆ ಇಳಿಸಿದಾಗ ಗುಬ್ಬಚ್ಚಿ ಗೂಡುಗಳು ಬುಟ್ಟಿಗಟ್ಟಲೆ ಬಂದವಂತೆ. ಮಾಳಿಗೆಯ ಮಣ್ಣನ್ನು ಹಿತ್ತಲಲ್ಲಿ ಗುಡ್ಡೆ ಹಾಕಿದರು. ಹೊಸ ತಾರಸಿಯ ಮೇಲೆ ನಿಂತು ನಾನೂ ಫೋಟೋ ತೆಗೆಸಿಕೊಂಡೆ. ಆಗಿನ ಚಳಿಗಾಲದ ಬೆಳೆ ಚೆನ್ನಾಗೇ ಬಂತು. ರೇಷ್ಮೆ ಗೂಡು ಗಟ್ಟಿಯಾಗಿದ್ದವು. "ನೋಡಿದ್ಯಾ?" ಅಂತ ಗಂಡ ಊರೆಲ್ಲಾ ಹೇಳಿಕೊಂಡು ಬಂದ.

ಏಪ್ರಿಲಿನಲ್ಲಿ, ತಿಂಗಳು ಮುಗಿಯುವ ಮೊದಲೇ, ಅರ್ಧ ತುಂಬಿದ ಕ್ಯಾಲೆಂಡರ್ ಹಾಳೆ ಬಂತು. ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದಳು: "ಅಕ್ಕ, ಗಾಜಿನ ಕಡ್ಡಿ ಉಳದ ಮನೆ ಒಳಗೆ ಇಟ್ಟಿದಿನಿ. ಬೆಳಗಿನ ಜಾವಕ್ಕೂ ಇಳಿಯಾಕಿಲ್ಲ. ಅದು ಕೆಟ್ಟದೆಯೋ ಎನೋ ನೋಡಿ ಏಳಿ. ನಾಕನೆ ಜ್ವರಕ್ಕೆ ಕೂತವೆ."

ಥರ್ಮಾಮೀಟರಿಗೆ ಅವಳು ಗಾಜಿನ ಕಡ್ಡಿ ಅನ್ನುತ್ತಿದ್ದಳು. ಹಾಳೆ ತಿರುಗಿಸಿ ಅಂಕಿ ನೋಡಿದೆ. ಒಳಗಿಟ್ಟ ದಿನದಿಂದ ಚೌಕಗಳಲ್ಲಿ ಅಂಕಿ ಮೇಲೆ ಜಿಗಿದಿತ್ತು. ಹೊರಗೆ ರಾತ್ರಿ ಎಷ್ಟು ತಣ್ಣಗಾಗಬೇಕೋ ಅದಕ್ಕಿಂತ ಐದಾರು ಡಿಗ್ರಿ ಮೇಲೆ. ನನಗೆ ಮೊದಲು ಹೊಳೆದದ್ದೇನು ಗೊತ್ತಾ? ಅಯ್ಯೋ, ಇದೂ ಕೆಟ್ಟಿತಲ್ಲ, ಅಂತ. ಪರೀಕ್ಷೆಯ ಪೇಪರುಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಹಾಳೆಯನ್ನು ರಿಜಿಸ್ಟರಿನೊಳಗೆ ಇಟ್ಟು ನಾಲ್ಕು ದಿನ ಸುಮ್ಮನಿದ್ದೆ. ಗಾಡ್ ಫರ್ಗಿವ್ ಮಿ, ನಾಲ್ಕು ದಿನ.

ಐದನೇ ದಿನ ಕೆಂಪು ಪೆನ್ನು ಹಿಡಿದು ಆ ಹಾಳೆಗೂ ಕರೆಕ್ಷನ್ ಹಾಕಲು ಕೂತಿದ್ದೆ. ಸ್ಟಾಫ್ ರೂಮಿಗೆ ಫಿಸಿಕ್ಸ್ ಮೇಡಂ ಬಂದರು. ಹಿಂದಿನ ವರ್ಷ ಸೇರಿದವರು, ಆರ್.ಟಿ. ನಗರದಲ್ಲೇ ಮನೆ. ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಬೆಂಗಳೂರು ಕನ್ನಡ, ಬಾಯಿ ಮಾತ್ರ ಎರಡರಲ್ಲೂ ಹರಿತ.

"ಅರೆ, ಇದೇನ್ರೀ ರಿಜಿಸ್ಟರಿಗೆ ಲಿಪ್‌ಸ್ಟಿಕ್ ಹಚ್ಚಿದೀರ?" ಅಂತ ಬಗ್ಗಿ ನೋಡಿದರು. ನಾನು ಕಥೆ ಹೇಳಿದೆ.

"ಐಸ್ ಟೆಸ್ಟ್ ಮಾಡಿದ್ರಾ?"

"ಇಲ್ಲ."

"ಯಾ ಅಲ್ಲಾ! ಇಷ್ಟು ವರ್ಷ ಔಷಧಿ ಕೊಡ್ತಾ ಇದೀರ, ಒಂದ್ ಸಲಾನೂ ನಾಡಿ ಹಿಡಿದಿಲ್ಲ?"

ಸೋಡಾ ಅಂಗಡಿಯಿಂದ ಐಸ್ ತರಿಸಿದರು. ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಸ್ಟೀಲ್ ಡಬ್ಬಿಗೆ ತುಂಬಿ, ಸ್ವಲ್ಪ ನೀರು ಹಾಕಿ, ನಮ್ಮ ಪೆಟ್ಟಿಗೆಯ ರಾತ್ರಿಯ ಥರ್ಮಾಮೀಟರಿನ ಬುರುಡೆಯನ್ನು ಅದರೊಳಗೆ ಮುಳುಗಿಸಿದರು. ಕರಗುತ್ತಿರುವ ಐಸು ಸೊನ್ನೆ ಡಿಗ್ರಿ. ಥರ್ಮಾಮೀಟರು ಕೆಟ್ಟಿದ್ದರೆ ಎರಡು ತೋರಿಸಬೇಕು. ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು. ಸ್ಪಿರಿಟ್ ಇಳಿಯಿತು, ಇಳಿಯಿತು, ಸೊನ್ನೆಯ ಗೆರೆಗೆ ಬಂದು ನಿಂತಿತು. ಹತ್ತು ನಿಮಿಷ ಕಾದೆವು. ಅಲ್ಲೇ ನಿಂತಿತ್ತು. ಕೂದಲೆಳೆಯಷ್ಟೂ ತಪ್ಪಿಲ್ಲ.

"ಪಾಪ, ಇದು ನಿಜಾನೇ ಹೇಳ್ತಾ ಇತ್ತು," ಅಂದರು ಮೇಡಂ. ಈಗ ಅವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಹಗಲು ಬಿಸಿಲು ಎಲ್ಲಾ ಕಡೆ ಒಂದೇ ಕಣ್ರೀ. ಗೊತ್ತಾಗೋದು ರಾತ್ರೀನೇ. ಬಯಲು, ಹುಲ್ಲು, ಒದ್ದೆ ಮಣ್ಣು ಹೊತ್ತು ಮುಳುಗಿದ ತಕ್ಷಣ ತಣ್ಣಗಾಗುತ್ತೆ. ಕಾಂಕ್ರೀಟು, ಡಾಂಬರು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿಯೆಲ್ಲಾ ಕಾರುತ್ತೆ. ಮನೆಗಳು ಒತ್ತೊತ್ತಾಗಿದ್ರೆ ಒಂದು ಬಿಟ್ಟ ಶಾಖ ಇನ್ನೊಂದರ ಗೋಡೆಗೆ. ಆಕಾಶಕ್ಕೆ ಹೋಗೋಕೆ ದಾರೀನೇ ಇಲ್ಲ."

ರಿಜಿಸ್ಟರಿನ ಹಳೇ ಪುಟಗಳನ್ನು ತಿರುಗಿಸಿದೆ. ಅರ್ಧ, ಒಂದು, ಒಂದೂವರೆ, ಎರಡು. ಸೀಬೆ ತೋಟ ಹೋದ ವರ್ಷ, ಕೆರೆ ಹೋದ ವರ್ಷ, ಡಾಂಬರು ಬಂದ ವರ್ಷ. ಊರು ತನ್ನ ಮೈ ಕಾವೇರುತ್ತಿದೆ ಅಂತ ಪ್ರತಿ ಬೆಳಗ್ಗೆ ಹೇಳುತ್ತಾ ಬಂದಿದೆ, ನಾನು ಪ್ರತಿ ಬೆಳಗ್ಗೆ ಮುತ್ತಿನಂಥ ಅಕ್ಷರದಲ್ಲಿ ಅದನ್ನು ಕಳೆದಿದ್ದೇನೆ.

ಆಮೇಲೆ ಕ್ಯಾಲೆಂಡರ್ ಹಾಳೆ ಕಣ್ಣಿಗೆ ಬಿತ್ತು. ಅದರ ಥರ್ಮಾಮೀಟರೂ ಕೆಟ್ಟಿಲ್ಲ.

ಯಲಹಂಕದ ಬಸ್ಸಿನಲ್ಲಿ ಹೆಬ್ಬಾಳದ ಕೆರೆ ಏರಿ ದಾಟುವಾಗ ಮೊದಲ ಸಲ ಗಮನಿಸಿದೆ, ಕೆರೆಯ ಮೇಲಿನ ಗಾಳಿ ಕಿಟಕಿಯಿಂದ ತಣ್ಣಗೆ ಬಂದು, ಏರಿ ಮುಗಿದ ಕೂಡಲೇ ನಿಂತುಹೋಯಿತು. ಅಟ್ಟೂರು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಗಂಡ ತಾರಸಿಯ ಮೇಲೆ ನಿಂತು ಕೊಡದಿಂದ ನೀರು ಸುರಿಯುತ್ತಿದ್ದ. ಸುರಿದ ನೀರು ಕಣ್ಣೆದುರೇ ಆರುತ್ತಿತ್ತು. ನನ್ನನ್ನು ನೋಡಿ ಇನ್ನೊಂದು ಕೊಡಕ್ಕೆ ಬಗ್ಗಿದ.

ಕೈಕಾಲು ತೊಳೆದು ಹುಳುಮನೆ ಬಾಗಿಲಲ್ಲಿ ನಿಂತೆ. ಒಳಗೆ ಒದ್ದೆ ಗೋಣಿ, ಒದ್ದೆ ಸೀರೆ ಕಟ್ಟಿದ್ದಳು. ಆದರೂ ಮೇಲಿನಿಂದ ಶಾಖ ನೆತ್ತಿಯ ಮೇಲೆ ಕೈಯಿಟ್ಟ ಹಾಗೆ ಒತ್ತುತ್ತಿತ್ತು. ತಟ್ಟೆಗಳ ತುಂಬಾ ಹೊಸ ಸೊಪ್ಪು. ಜ್ವರ ಬಿಟ್ಟು ಎದ್ದ ದೊಡ್ಡ ಹುಳುಗಳು ಅದರ ಮೇಲೇ ಬಿದ್ದಿದ್ದವು, ಮೆತ್ತಗೆ, ಬಾಯಿಂದ ನೀರು ಸೋರುತ್ತಾ. ಮಳೆಯ ಸದ್ದು ಇರಲಿಲ್ಲ. ಯಾವ ಸದ್ದೂ ಇರಲಿಲ್ಲ. ಅಷ್ಟು ಸಾವಿರ ಜೀವ ಇರುವ ಕೋಣೆ ಅಷ್ಟು ಸುಮ್ಮನಿರುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅವಳು ತಟ್ಟೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. "ಸಪ್ಪೆ ರೋಗ," ಅಂದಳು. "ಶೆಕೆಗೆ ಬರೋದು."

ನಾನು ನಿಂತೇ ಎಲ್ಲಾ ಹೇಳಿದೆ. ಥರ್ಮಾಮೀಟರು ಕೆಟ್ಟಿರಲಿಲ್ಲ, ನನ್ನ ಕೆಂಪು ಕಾಲಮ್ಮೇ ತಪ್ಪು, ಅವತ್ತು ಜಗಲಿಯಲ್ಲಿ ಹೇಳಿದ್ದು ಸುಳ್ಳು ಅಂತ. ಅಳುತ್ತಿದ್ದೆನೋ ಏನೋ, ನೆನಪಿಲ್ಲ.

"ಬೆಳಗ್ಗೆ ಎದ್ದು ಗೋಡೆ ಮುಟ್ಟಿದ್ರೆ ಬೆಚ್ಚಗಿರೋದು ಅಕ್ಕ," ಅಂದಳು. "ಜರ ಬಂದ ಮಗೀನ ಬೆನ್ನು ಇದ್ದಂಗೆ. ಆವಾಗ್ಲೇ ಗೊತ್ತಾಯ್ತು. ಆದ್ರೆ ನಿಮ್ ಬುಕ್ಕಿನಾಗೆ ಇರ್ಲಿಲ್ವಲ್ಲ. ಓದ್ದೋರು ಬರ್ದಿದ್ದು ಸುಳ್ಳಾಯ್ತದಾ, ಕಡ್ಡೀನೇ ಕೆಟ್ಟಿರ್ಬೇಕು ಅಂದ್ಕೊಂಡೆ."

ನನ್ನ ತಪ್ಪನ್ನು ಅವಳೂ ಹಾಗೇ ಕಲಿತಿದ್ದಳು.

ಹಿತ್ತಲಿನ ಗುಡ್ಡೆಯಿಂದ ಹಳೇ ಮಾಳಿಗೆ ಮಣ್ಣನ್ನೇ ಮೇಲೆ ಹಾಕೋಣ ಅಂದೆ ನಾನು. ಗಂಡ ಏಣಿಯಿಂದ ಇಳಿದು ಬಂದವನು, "ಹೊಸ ಸ್ಲ್ಯಾಬು ಟೀಚರಮ್ಮ. ಮಣ್ಣು ನೀರು ಕುಡ್ದು ಭಾರ ಆದ್ರೆ ತಡೀತದೋ ಇಲ್ವೋ. ಇನ್ನೊಂದ್ ಸಲ ನಿಮ್ ಮಾತು ಕೇಳಕಿಲ್ಲ," ಅಂದ. ಅವನು ಹೇಳಿದ್ದು ನ್ಯಾಯವೇ. ಮಣ್ಣು ಹೊರಲು ಬೇಕಾದಷ್ಟು ಗಟ್ಟಿಯಾಗಿ, ನೀರು ಇಳಿಯದ ಹಾಗೆ ಸ್ಲ್ಯಾಬನ್ನು ಮೊದಲೇ ಕಟ್ಟಬೇಕಿತ್ತು. ಗೋಣಿ, ತೆಂಗಿನ ಗರಿ ಹಾಸಿ ಸಂಜೆವರೆಗೆ ನೀರು ಹೊತ್ತೆವು, ಮೂವರೂ. ಒಳಗೆ ಎರಡು ಡಿಗ್ರಿ ಇಳಿಯಿತು. ಅಷ್ಟರಲ್ಲೇ ಹೊತ್ತು ಮೀರಿತ್ತು. ಉಳಿದ ಬೆರಳೆಣಿಕೆಯ ಹುಳು ಚಂದ್ರಿಕೆಯ ಬಿದಿರು ತಟ್ಟಿಗೆ ಹತ್ತಿ ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತಂತೆ. ಮಿಕ್ಕದ್ದನ್ನೆಲ್ಲಾ ಅವಳೇ ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಹಾಕಿ ಸುಣ್ಣ ಸುರಿದಳು.

ಆಮೇಲೆ ಅವಳು ಹುಳು ಸಾಕಲಿಲ್ಲ. ಆ ಕೋಣೆಗೆ ನಡುಗೋಡೆ ಎಬ್ಬಿಸಿ ಎರಡು ಸಂಸಾರಕ್ಕೆ ಬಾಡಿಗೆ ಕೊಟ್ಟರು. ಈಗ ಯಾರು ಬೇಕಾದರೂ ಬೀಡಿ ಸೇದಿಕೊಂಡು ಒಳಗೆ ಹೋಗಬಹುದಿತ್ತು. ಹಿಪ್ಪುನೇರಳೆ ತೋಟಕ್ಕೆ ಕಲ್ಲು ನೆಟ್ಟರು. ಆಗಸ್ಟಿನಲ್ಲಿ ಹುಡುಗಿಯರನ್ನು ತಾರಸಿ ಹತ್ತಿಸಿದಾಗ ಲೆಕ್ಕಕ್ಕೆ ಸಿಕ್ಕಿದ್ದು ನೀರು ನಿಂತ ಮೂಲೆಯಲ್ಲಿ ಒಂದಿಷ್ಟು ಪಾಚಿ. ಮೇಲೆ ತಂತಿಯ ಮೇಲೆ ಕಾಗೆಗಳು. ಹಿತ್ತಲಿನ ಮಣ್ಣಿನ ಗುಡ್ಡೆ ಮಾತ್ರ ತನ್ನ ಪಾಡಿಗೆ ಹಸಿರಾಗಿತ್ತು. ತುಂಬೆ ಹೂ ಬಿಟ್ಟಿತ್ತು. ಮುಂದಿನ ವರ್ಷ ಅದನ್ನೂ ಯಾರದೋ ಪಾಯಕ್ಕೆ ತುಂಬಿದರು.

ನಾನು ಆ ಬೇಸಿಗೆ ರಜೆಯಲ್ಲಿ ಕೂತು ರಿಜಿಸ್ಟರಿನ ಕಳೆದ ಅಂಕಿಗಳನ್ನೆಲ್ಲಾ ಮತ್ತೆ ಕೂಡಿಸಿ, ಹೊಸ ಪುಸ್ತಕಕ್ಕೆ ಇಳಿಸಿದೆ. ಎರಡನ್ನೂ ಸಿಸ್ಟರ್ ಮುಂದಿಟ್ಟೆ. ಕನ್ನಡಕ ತೆಗೆದು ಎರಡನ್ನೂ ಪುಟಕ್ಕೆ ಪುಟ ಇಟ್ಟು ನೋಡಿದರು. "ಯಾವುದು ನಿಜ?" ಅಂದರು.

"ನಾನು ಹೊಡೆದುಹಾಕಿದ್ದು, ಸಿಸ್ಟರ್."

"ಎರಡನ್ನೂ ಇಡು," ಅಂದರು. ಆ ವರ್ಷ 'ಬ್ಯೂಟಿಫುಲ್' ಬರೆಯಲಿಲ್ಲ.

ಅವಳು ಕ್ಯಾಲೆಂಡರ್ ಹಾಳೆ ಕಳಿಸುವುದನ್ನು ನಿಲ್ಲಿಸುತ್ತಾಳೆ ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಗಾಜಿನ ಕಡ್ಡಿಯನ್ನು ಮತ್ತೆ ಹಿತ್ತಲ ಪೆಟ್ಟಿಗೆಗೇ ಇಟ್ಟಳು. ಹುಳು ಇಲ್ಲದಿದ್ದರೂ ಅದೇ ಹೊತ್ತಿಗೆ ಎಚ್ಚರ ಆಗ್ತದೆ ಅಕ್ಕ, ಎದ್ದು ಇನ್ನೇನು ಮಾಡಲಿ, ಅಂದಳು. ಹಾಳೆಗಳು ಬರುತ್ತಲೇ ಇದ್ದವು. ಹೊನ್ನೆ, ಹೊಂಗೆ ಮರಗಳು ಹೋಗಿ ಅವಳ ಹಿತ್ತಲ ಸುತ್ತಲೂ ಮನೆಗಳೆದ್ದವು ಅಂತ ಆ ಅಂಕಿಗಳಿಂದಲೇ ನನಗೆ ತಿಳಿಯುತ್ತಿತ್ತು. ಎರಡು ಡಿಗ್ರಿಯ ಅಂತರ ಒಂದೂವರೆ ಆಯಿತು. ಒಂದಾಯಿತು.

ಎಂಬತ್ತರ ದಶಕದ ಕೊನೆಯ ಒಂದು ಮಾರ್ಚ್ ತಿಂಗಳ ಹಾಳೆಯನ್ನು ನನ್ನ ಪುಸ್ತಕದ ಪಕ್ಕ ಇಟ್ಟುಕೊಂಡು ತಾರೀಖಿನಿಂದ ತಾರೀಖಿಗೆ ಬೆರಳಿಟ್ಟು ನೋಡುತ್ತಾ ಹೋದೆ. ಒಂದನೇ ತಾರೀಖು, ಎರಡು, ಮೂರು. ತಿಂಗಳ ಕೊನೆವರೆಗೂ ಹೋದೆ. ಅಟ್ಟೂರಿನ ರಾತ್ರಿಯೂ ಏರಿ ನಮ್ಮ ರಾತ್ರಿಯಷ್ಟೇ ಬೆಚ್ಚಗಾಗಿತ್ತು. ಮೊದಲ ವರ್ಷಗಳ ಹಾಗೇ ಎರಡು ಸಾಲೂ ಚೆನ್ನಾಗಿ ಹೊಂದುತ್ತಿದ್ದವು. ಕಳೆಯಲು ಏನೂ ಉಳಿದಿರಲಿಲ್ಲ.